ಗೊಬ್ಬರದ ಅಂಗಡಿಯಲ್ಲಿ ನೂರು ಕಾಳಿನ ಲೆಕ್ಕ

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದು ಕಲಘಟಗಿ ದಾಟಿದರೆ ಬಯಲು ಮುಗಿದು ಕಾಡಿನ ಸೆರಗು ಶುರುವಾಗುತ್ತದೆ. ದೇವಿಕೊಪ್ಪ ಇರುವುದು ಈ ಸೆರಗಿನಲ್ಲಿ. ಇತ್ತ ಪೂರ್ತಿ ಬೆಳವಲವೂ ಅಲ್ಲ, ಅತ್ತ ಪೂರ್ತಿ ಮಲೆನಾಡೂ ಅಲ್ಲ. ಭತ್ತ, ಗೋವಿನಜೋಳ, ಸೋಯಾಬೀನ್, ಹತ್ತಿ, ಕಬ್ಬು ಎಲ್ಲವೂ ಈ ತಾಲ್ಲೂಕಿನಲ್ಲಿ ಬೆಳೆಯುತ್ತವೆ. ಇಂಥ ಊರುಗಳಲ್ಲಿ ಕಿರಾಣಿ ಅಂಗಡಿ ಬಿಟ್ಟರೆ ರೈತ ಹೆಚ್ಚು ಸಲ ಮೆಟ್ಟಿಲು ಹತ್ತುವುದು ಗೊಬ್ಬರದ ಅಂಗಡಿಯದು. ಬೀಜ, ಗೊಬ್ಬರ, ಎಣ್ಣೆ (ಇಲ್ಲಿ ಕೀಟನಾಶಕಕ್ಕೆ ಜನ ಹೇಳುವುದೇ ಎಣ್ಣೆ ಎಂದು) ಮೂರೂ ಅಲ್ಲೇ ಸಿಗುತ್ತವೆ. ಉದ್ರಿಯೂ ಅಲ್ಲೇ.

ಈ ಅಂಗಡಿಯ ಮಾಲೀಕನಿಗೆ ವ್ಯಾಪಾರ ಬೆಳೆಸುವ ಮನಸ್ಸು ಬಂದಾಗ ತಲೆಗೆ ಹೊಳೆಯುವುದು ಸಾಮಾನ್ಯವಾಗಿ ದೊಡ್ಡದೇ. ಕಲಘಟಗಿಯಲ್ಲಿ ಇನ್ನೊಂದು ಅಂಗಡಿ, ಇನ್ನೊಂದು ಗೋದಾಮು, ಇತ್ತೀಚೆಗಾದರೆ ಡ್ರೋನು. ಹತ್ತಿರಹತ್ತಿರ ಹತ್ತು ಲಕ್ಷ ಬೀಳುವ ಈ ಆಸೆಗಳ ಪಕ್ಕದಲ್ಲೇ ಇಪ್ಪತ್ತು ಸಾವಿರದಲ್ಲಿ ಆಗುವ ಕೆಲಸಗಳಿವೆ. ಅವು ಕಣ್ಣಿಗೆ ಬೀಳದಿರಲು ಕಾರಣ, ಅವನ್ನು ರೈತ ದಿನವೂ ಬಿಟ್ಟಿಯಾಗಿ ಕೇಳುತ್ತಿರುತ್ತಾನೆ, ಮಾಲೀಕ ಬಿಟ್ಟಿಯಾಗಿ ಅರ್ಧಂಬರ್ಧ ಉತ್ತರ ಕೊಡುತ್ತಿರುತ್ತಾನೆ.

"ಸಾವ್ಕಾರ್ರ, ಮನ್ಯಾಗಿನ ಸೋಯಾಬೀನ್ ಐತ್ರಿ, ಹುಟ್ಟತಾವೋ ಇಲ್ಲೋ?"

"ಹುಟ್ಟತಾವ ತಗೋ ಕಾಕಾ. ಸಂಶೆ ಇದ್ರ ಹೊಸ ಚೀಲ ಒಯ್ಯಿ."

ಈ ಮಾತುಕತೆಯಲ್ಲಿ ಒಂದು ಸೇವೆ ಅಡಗಿದೆ. ಅದಕ್ಕೆ ಬರುವ ಮೊದಲು ಅಂಗಡಿಯ ಈಗಿನ ಗಳಿಕೆಯನ್ನು ನೋಡಬೇಕು.

45 ಕಿಲೋದ ಬೇವುಲೇಪಿತ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಇದು ಸರ್ಕಾರ ಕಟ್ಟಿದ ಬೆಲೆ, ಒಂದು ಪೈಸೆ ಹೆಚ್ಚಿಗೆ ತೆಗೆದುಕೊಳ್ಳುವಂತಿಲ್ಲ. ಮಾರಾಟಗಾರರ ಪಾಲನ್ನೂ ಸರ್ಕಾರವೇ ಕಟ್ಟಿದೆ. 2018ರಿಂದ ಅದು ಟನ್ನಿಗೆ 354 ರೂಪಾಯಿ. ಚೀಲಕ್ಕೆ ಇಳಿಸಿದರೆ ಹದಿನಾರು ರೂಪಾಯಿಗೆ ಸ್ವಲ್ಪ ಕಡಿಮೆ. ಒಂದು ಲಾರಿ, ಅಂದರೆ ನಾನೂರು ಚೀಲ ಖಾಲಿ ಮಾಡಿದರೆ 6,372 ರೂಪಾಯಿ. ಇದರಲ್ಲೇ ಹಮಾಲಿ, ಹರಿದ ಚೀಲ, ಹೆಬ್ಬೆಟ್ಟು ತೆಗೆದುಕೊಳ್ಳದ ಪಿಒಎಸ್ ಯಂತ್ರದ ಮುಂದೆ ಕಳೆದ ಹೊತ್ತು ಎಲ್ಲವೂ ಬರಬೇಕು. ಲಾಭ ಇರುವುದು ಬೀಜದಲ್ಲಿ, ಎಣ್ಣೆಯಲ್ಲಿ. ಅವೆರಡೂ ಬಹುಪಾಲು ಉದ್ರಿಯ ಮೇಲೆ ಹೋಗುತ್ತವೆ. ಜೂನ್‌ನಲ್ಲಿ ಕೊಟ್ಟ ಮಾಲಿನ ದುಡ್ಡು ಗೋವಿನಜೋಳ ಮಾರಿದ ಮೇಲೆ, ದೀಪಾವಳಿ ಆಜೂಬಾಜು ಬರುತ್ತದೆ. ಮಧ್ಯದ ತಿಂಗಳುಗಳಲ್ಲಿ ಅಂಗಡಿಯಲ್ಲಿ ಗದ್ದಲ ಇರುತ್ತದೆ, ಗಲ್ಲೆಯಲ್ಲಿ ರೊಕ್ಕ ಇರುವುದಿಲ್ಲ.

ಗೊಬ್ಬರದ ಅಂಗಡಿ ಬರೀ ಚೀಲ ಮಾರುವ ಜಾಗ ಆಗಬಾರದು ಎಂಬುದು ಸರ್ಕಾರದ ಯೋಜನೆಯಲ್ಲೂ ಇದೆ. 2022ರ ಅಕ್ಟೋಬರ್ 17ರಂದು ದೆಹಲಿಯಲ್ಲಿ 600 'ಪಿಎಂ ಕಿಸಾನ್ ಸಮೃದ್ಧಿ ಕೇಂದ್ರ'ಗಳು ಉದ್ಘಾಟನೆಯಾದವು. ದೇಶದ 3.3 ಲಕ್ಷಕ್ಕೂ ಹೆಚ್ಚು ಚಿಲ್ಲರೆ ಗೊಬ್ಬರದ ಅಂಗಡಿಗಳನ್ನು ಹಂತಹಂತವಾಗಿ ಹೀಗೆ ಮಾರ್ಪಡಿಸುವುದು, ಮಣ್ಣು, ಬೀಜ, ಗೊಬ್ಬರಗಳ ಪರೀಕ್ಷೆಗೆ ಅಲ್ಲೇ ಅನುಕೂಲ ಮಾಡುವುದು, ಸಣ್ಣ ದೊಡ್ಡ ಸಲಕರಣೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಕಾಗದದ ಮೇಲೆ ಇದು ಸರಿಯಾದ ವಿಚಾರ. ಆದರೆ ಫಲಕ ಬದಲಾಯಿಸುವುದು ಒಂದು ದಿನದ ಕೆಲಸ, ಸೇವೆ ಕೂಡಿಸುವುದು ಒಂದು ಹಂಗಾಮಿನ ಕೆಲಸ. ಆ ಹಂಗಾಮು ಮೇ ತಿಂಗಳಿಂದ ಶುರುವಾಗಬೇಕು.

ಮತ್ತೆ ಸೋಯಾಬೀನ್‌ಗೆ ಬರೋಣ. ಈ ಭಾಗದಲ್ಲಿ ತುಕ್ಕು ರೋಗ ಬಂದು ಹಳೆಯ ತಳಿಗಳು ಕೈಕೊಟ್ಟ ಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಳಿ ರೈತರ ಕೈ ಹಿಡಿಯಿತು. ಅದು ಹೈಬ್ರಿಡ್ ಅಲ್ಲ, ಆದ್ದರಿಂದ ಮನೆಯಲ್ಲೇ ಬೀಜ ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಳ್ಳುವ ಹಕ್ಕು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ತೊಂದರೆ ಇರುವುದು ಕಾಳಿನಲ್ಲಿ. ಸೋಯಾಬೀನ್‌ನಷ್ಟು ಸೂಕ್ಷ್ಮದ ಬೀಜ ಈ ಭಾಗದ ಬೆಳೆಗಳಲ್ಲಿ ಇನ್ನೊಂದಿಲ್ಲ. ಸಿಪ್ಪೆ ತೆಳು, ಮೊಳಕೆಯ ಬೇರು ಸಿಪ್ಪೆಯ ಕೆಳಗೇ ಮಲಗಿರುತ್ತದೆ. ಒಕ್ಕುವ ಮಷೀನು ಜೋರಾಗಿ ಓಡಿದರೆ, ಚೀಲವನ್ನು ಲಾರಿಯಿಂದ ಎತ್ತಿ ಒಗೆದರೆ, ಒಂದರ ಮೇಲೊಂದು ಏಳೆಂಟು ಚೀಲ ಒಟ್ಟಿದರೆ ಒಳಗಿನ ಮೊಳಕೆ ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಕಾಳು ಚೆಂದವೇ ಕಾಣುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡಿದ್ದರಂತೂ ಹೊಲದಲ್ಲಿ ನಿಂತಲ್ಲೇ ಅರ್ಧ ಜೀವ ಹೋಗಿರುತ್ತದೆ.

ಬೀಜ ಕಾಯ್ದೆಯ ಪ್ರಕಾರ ಸೋಯಾಬೀನ್‌ಗೆ ಬೇಕಾದ ಕನಿಷ್ಠ ಮೊಳಕೆ ಪ್ರಮಾಣ ನೂರಕ್ಕೆ 70. ಅಷ್ಟು ಮೊಳಕೆ ಇದ್ದರೆ ಎಕರೆಗೆ 25ರಿಂದ 30 ಕಿಲೋ ಬೀಜ ಸಾಕು. ಮನೆಯ ಬೀಜದ ಮೊಳಕೆ ಎಷ್ಟು ಎಂದು ತಿಳಿಯದೆ ಅದೇ 30 ಕಿಲೋ ಹಾಕಿದರೆ ಸಾಲು ಬಕ್ಕಾಗುತ್ತದೆ. ಆಗ ಮತ್ತೆ ಬಿತ್ತಬೇಕು, ಅಷ್ಟೊತ್ತಿಗೆ ಹದ ಹೋಗಿರುತ್ತದೆ.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ಗೋಣಿಚೀಲ ಮತ್ತು ತಾಳ್ಮೆ. ರೈತನಿಗೆ ಮೊದಲೇ ಹೇಳಿ ಕಳಿಸಬೇಕು: ಒಂದೇ ಚೀಲದ ಬಾಯಿಂದ ಹಿಡಿ ಕಾಳು ತರಬೇಡ, ಇದ್ದ ಚೀಲಗಳೆಲ್ಲದರ ಮೇಲೆ, ನಡುವೆ, ತಳದಿಂದ ತೆಗೆದು ಕಲಸಿ ಒಂದು ಕಿಲೋ ತಾ. ಅದರಿಂದ ಆರಿಸದೆ ನೂರು ಕಾಳು ಎಣಿಸಬೇಕು. 'ಆರಿಸದೆ' ಎಂಬುದು ಮುಖ್ಯ, ಏಕೆಂದರೆ ಕೈ ತಾನಾಗಿಯೇ ದಪ್ಪ ಕಾಳಿನ ಕಡೆಗೆ ಹೋಗುತ್ತದೆ. ಇನ್ನೂ ನೂರು ಕಾಳು ಬೇರೆ ಎಣಿಸಿ ಇಟ್ಟುಕೊಂಡರೆ ತಾಳೆ ನೋಡಲು ಬರುತ್ತದೆ. ಗೋಣಿತಟ್ಟನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಬೇಕು. ನೀರು ತೊಟ್ಟಿಕ್ಕುವ ತಟ್ಟಿನಲ್ಲಿ ಒಣ ಸೋಯಾ ಕಾಳು ಒಮ್ಮೆಲೇ ನೀರು ಕುಡಿದು ಒಳಗೇ ಒಡೆಯುತ್ತದೆ, ಒಳ್ಳೆಯ ಬೀಜವೂ ಕೆಟ್ಟದೆಂದು ಲೆಕ್ಕಕ್ಕೆ ಬೀಳುತ್ತದೆ. ಕಾಳನ್ನು ಮೊದಲೇ ನೆನೆ ಹಾಕುವುದು ತಪ್ಪಾಗುವುದೂ ಇದಕ್ಕೇ. ಹಿಂಡಿದ ತಟ್ಟಿನ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೊಂದು ಒದ್ದೆ ತಟ್ಟು ಹೊದಿಸಿ ಸಡಿಲಾಗಿ ಸುರುಳಿ ಸುತ್ತಿ, ರೈತನ ಹೆಸರು, ತಾರೀಖು ಬರೆದ ಚೀಟಿ ಕಟ್ಟಿ ನೆರಳಿನಲ್ಲಿ ಇಡಬೇಕು. ಎಣ್ಣೆಯ ಬಾಟಲಿ ಇಟ್ಟ ಕೋಣೆಯಲ್ಲಂತೂ ಇಡಬಾರದು. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು.

ಐದನೆಯ ದಿನ ಬಿಚ್ಚಿ ನೋಡಿದರೆ ಅಂದಾಜು ಸಿಗುತ್ತದೆ, ಕೊನೆಯ ಎಣಿಕೆ ಎಂಟನೆಯ ದಿನ. ಬಾಲ ಬಂದ ಕಾಳನ್ನೆಲ್ಲ ಎಣಿಸಿಬಿಟ್ಟರೆ ಲೆಕ್ಕ ಕೆಟ್ಟಿತು. ಬೇರು ನೀಳವಾಗಿ ಇಳಿದು, ದಂಟು ಗಟ್ಟಿಯಾಗಿ, ಎರಡೂ ಬೇಳೆ ಕೂಡಿಕೊಂಡಿರುವ ಸಸಿ ಮಾತ್ರ ಲೆಕ್ಕಕ್ಕೆ. ಬೇರಿನ ತುದಿ ಮೊಂಡಾಗಿ ನಿಂತದ್ದು, ಬೇಳೆ ಸೀಳಿ ಬಿದ್ದದ್ದು, ಬೂಜು ಹಿಡಿದು ಮೆತ್ತಗಾದದ್ದು ಹೊಲದಲ್ಲಿ ಮಣ್ಣು ಸೀಳಿ ಮೇಲೆ ಬರುವುದಿಲ್ಲ. ಬೂಜು ಬಹಳ ಇದ್ದರೆ ಅದೂ ಒಂದು ಸುದ್ದಿ: ಬೀಜೋಪಚಾರ ಬಿಡುವಂತಿಲ್ಲ ಎಂದರ್ಥ.

ಒಬ್ಬ ರೈತನಿಗೆ ನಾಲ್ಕು ಎಕರೆ, ಎಣಿಕೆಯಲ್ಲಿ ಬಂದದ್ದು 55 ಎಂದಿಟ್ಟುಕೊಳ್ಳಿ. 70 ಇದ್ದಿದ್ದರೆ ಎಕರೆಗೆ 30ರಂತೆ 120 ಕಿಲೋ ಸಾಕಿತ್ತು. ಈಗ 120ನ್ನು 70ರಿಂದ ಗುಣಿಸಿ 55ರಿಂದ ಭಾಗಿಸಿದರೆ 153 ಕಿಲೋ ಬೇಕು. ಮನೆಯಲ್ಲಿ ಅಷ್ಟು ಕಾಳಿದ್ದರೆ ಬಿತ್ತಬಹುದು, ಖರ್ಚು 33 ಕಿಲೋ ಹೆಚ್ಚಿನ ಕಾಳು ಮಾತ್ರ. 50ಕ್ಕಿಂತ ಕೆಳಗೆ ಬಂದರೆ ಆ ಬೀಜವನ್ನು ಎಣ್ಣೆ ಗಿರಣಿಗೆ ಹಾಕಿ ಹೊಸ ಬೀಜ ತರುವುದು ಲೇಸು. ಅಂಥ ಕಾಳಿನಲ್ಲಿ ಹುಟ್ಟುವ ಸಸಿಯೂ ಬಡಕಲಾಗಿರುತ್ತದೆ, ಪ್ರಮಾಣ ಹೆಚ್ಚಿಸಿ ಅದನ್ನು ಸರಿಮಾಡಲು ಬರುವುದಿಲ್ಲ.

ಇಲ್ಲೊಂದು ಕೊಕ್ಕೆ ಇದೆ. ಬೀಜ ಮಾರುವವನೇ ರೈತನ ಬೀಜ ಪರೀಕ್ಷಿಸಿದರೆ 'ನಿನ್ನದು ಕೆಟ್ಟಿದೆ, ನನ್ನ ಚೀಲ ಒಯ್ಯಿ' ಎನ್ನುವ ಆಸೆ ಬರದೇ ಇರುವುದಿಲ್ಲ. ಬರಲಿಲ್ಲ ಎಂದರೂ ಊರು ನಂಬುವುದಿಲ್ಲ. ಇದಕ್ಕೆ ಒಂದೇ ಮದ್ದು: ಸುರುಳಿ ಬಿಚ್ಚುವುದು ರೈತ ಬಂದ ಮೇಲೆ, ಎಣಿಸುವುದು ರೈತನ ಕೈ. ಅಂಗಡಿಯವನು ಪಕ್ಕದಲ್ಲಿ ನಿಂತು ಯಾವುದನ್ನು ಬಿಡಬೇಕು ಎಂದು ತೋರಿಸಿದರೆ ಸಾಕು. ಫಲಿತಾಂಶವನ್ನು ಅಂಗಡಿಯ ಹೆಸರಿನ ಕಾಗದದಲ್ಲಿ ಸರ್ಟಿಫಿಕೇಟಿನಂತೆ ಬರೆದು ಕೊಡಲೂಬಾರದು. ಇದು ರೈತ ತನ್ನ ಹೊಲಕ್ಕೆ ಮಾಡಿಕೊಳ್ಳುವ ಅಂದಾಜು. ಮಾರುವ ಬೀಜಕ್ಕೆ, ತಕರಾರಿನ ಬೀಜಕ್ಕೆ ಅಧಿಕೃತ ಪ್ರಯೋಗಾಲಯವೇ ಆಗಬೇಕು. ನೂರು ಕಾಳಿನ ಈ ಕೆಲಸಕ್ಕೆ ಮೂವತ್ತು ರೂಪಾಯಿ ಕೇಳಿದರೆ ಯಾರೂ ಬೇಜಾರಾಗಲಿಕ್ಕಿಲ್ಲ. ಇದರಿಂದ ಅಂಗಡಿ ಶ್ರೀಮಂತ ಆಗುವುದಿಲ್ಲ. ಆದರೆ ಮೊಳಕೆ ಎಣಿಸಿದ ರೈತನೇ ಮುಂದೆ ಬೀಜೋಪಚಾರದ ಮಾತು ತೆಗೆಯುತ್ತಾನೆ. ಶಿಲೀಂಧ್ರನಾಶಕ ಮೊದಲು, ರೈಜೋಬಿಯಂ ಕೊನೆಗೆ, ಬಿತ್ತುವ ಹೊತ್ತಿಗೆ ಎಂಬ ಕ್ರಮ ಹೇಳಿ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕೈಯಿಂದ ತಿರುಗಿಸುವ ಡ್ರಮ್ಮನ್ನು ಬಾಡಿಗೆಗೆ ಕೊಡಬಹುದು. ಮೆಲ್ಲಗೆ ತಿರುಗಿಸಬೇಕು ಎಂಬುದನ್ನು ಮಾತ್ರ ಎರಡು ಸಲ ಹೇಳಬೇಕು, ಸಿಪ್ಪೆ ತೆಳು ಎಂಬುದು ನೆನಪಿರಲಿ.

ಎರಡನೆಯ ಕೆಲಸ ಪಂಪಿನದು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಪಂಪು ಈಗ ಬಹಳ ಮನೆಗಳಲ್ಲಿದೆ. ಆದರೂ ಎಣ್ಣೆ ಹೊಡೆಯುವ ದಿನ ಅದು ಕೆಟ್ಟಿರುತ್ತದೆ. ಕಾರಣ ಸರಳ: ಹಂಗಾಮು ಮುಗಿದ ಮೇಲೆ ಚಾರ್ಜ್ ಇಲ್ಲದೆ ಮೂಲೆಯಲ್ಲಿಟ್ಟ ಬ್ಯಾಟರಿ ಆರು ತಿಂಗಳಲ್ಲಿ ಸಾಯುತ್ತದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡಿದ್ದರೆ ಉಳಿಯುತ್ತಿತ್ತು. ಉಳಿದದ್ದು ವಾಷರು, ಜಾಳಿಗೆ, ಟ್ರಿಗರು, ನಾಝಲ್ಲು. ಇವಕ್ಕಾಗಿ ಕಲಘಟಗಿಗೋ ಹುಬ್ಬಳ್ಳಿಗೋ ಹೋದರೆ ಒಂದು ದಿನ ಹಾಳು. ಗೋವಿನಜೋಳದ ಸುಳಿಯಲ್ಲಿ ಫಾಲ್ ಸೈನಿಕ ಹುಳು ಕೂತಿರುವಾಗ ಒಂದು ದಿನ ಬಹಳ ದೊಡ್ಡದು. ಕರ್ನಾಟಕದಲ್ಲಿ 2018ರಲ್ಲಿ ಮೊದಲು ಕಂಡ ಈ ಹುಳು ಸಣ್ಣದಿದ್ದಾಗ ಎಣ್ಣೆಗೆ ಬಗ್ಗುತ್ತದೆ, ದೊಡ್ಡದಾಗಿ ಸುಳಿಯ ಆಳಕ್ಕೆ ಇಳಿದು ಹಿಕ್ಕೆಯ ಮುಚ್ಚಳ ಹಾಕಿಕೊಂಡರೆ ಬಗ್ಗುವುದಿಲ್ಲ.

ಆದ್ದರಿಂದ ಬಿಡಿಭಾಗ, ರಿಪೇರಿ, ಬಾಡಿಗೆ ಮೂರೂ ಗೊಬ್ಬರದ ಅಂಗಡಿಗೆ ಒಪ್ಪುವ ಕೆಲಸ. ನಾಝಲ್ ಸವೆದಿದೆಯೇ ಎಂದು ನೋಡುವುದು ಅಳತೆಯ ಜಗ್ಗು, ಮೊಬೈಲಿನ ಗಡಿಯಾರ ಇದ್ದರೆ ಆಗುತ್ತದೆ. ಹೊಸ ನಾಝಲ್ ಒಂದು ನಿಮಿಷಕ್ಕೆ 600 ಮಿಲಿ ನೀರು ಬಿಟ್ಟರೆ, ಹಳೆಯದು ಅದೇ ಪಂಪಿನಲ್ಲಿ 660 ದಾಟಿದಾಗ ಅದರ ಕೆಲಸ ಮುಗಿಯಿತು. ಸವೆದ ನಾಝಲ್ ಎಣ್ಣೆಯನ್ನು ಹೆಚ್ಚು ಕುಡಿಯುತ್ತದೆ, ಹನಿ ದಪ್ಪವಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಇದನ್ನು ಹೇಳಿದರೆ ತನ್ನ ಎಣ್ಣೆಯ ಮಾರಾಟವೇ ಇಳಿಯುತ್ತದೆ ಎಂದು ಮಾಲೀಕ ಹಿಂಜರಿಯಬಹುದು. ಇಳಿಯುವುದು ನಿಜ. ಅದು ಉದ್ರಿಯ ಮಾರಾಟ ಎಂಬುದೂ ನಿಜ.

ಪಂಪಿನ ಬಾಡಿಗೆಯಲ್ಲಿ ಅಂಗಡಿಯ ಹೆಸರು ಕೆಡಿಸುವ ಅಪಾಯ ಒಂದೇ, ಕಳೆನಾಶಕ. ಒಬ್ಬ ಗೋವಿನಜೋಳದಲ್ಲಿ 2,4-ಡಿ ಹೊಡೆದು ಪಂಪು ತೊಳೆದಂತೆ ಮಾಡಿ ತಂದಿಟ್ಟ. ಮರುದಿನ ಇನ್ನೊಬ್ಬ ಅದೇ ಪಂಪಿನಲ್ಲಿ ಹತ್ತಿಗೆ ಕೀಟನಾಶಕ ಹೊಡೆದ. ವಾರದಲ್ಲಿ ಹತ್ತಿಯ ಹೊಸ ಎಲೆಗಳೆಲ್ಲ ಸೆಟೆದು ಸೀಳಿ, ಬೆಂಡೆ ಎಲೆಯಂತಾಗುತ್ತವೆ. 2,4-ಡಿ ಬರೀ ನೀರಿಗೆ ಹೋಗುವುದಿಲ್ಲ, ಕೊಳವೆಯಲ್ಲಿ ಉಳಿದ ಚೂರು ಸಾಕು. ಹಾಗೆಯೇ ಸೋಯಾಬೀನ್‌ಗೆ ಹೊಡೆಯುವ ಇಮಾಝೆಥಾಪಿರ್ ಗೋವಿನಜೋಳಕ್ಕೆ, ಭತ್ತಕ್ಕೆ ಆಗದು. ಹೀಗಾಗಿ ನಾಲ್ಕು ಪಂಪು ತಂದರೆ ಎರಡಕ್ಕೆ ಕೆಂಪು ಬಣ್ಣ ಬಳಿದು ಅವನ್ನು ಕಳೆನಾಶಕಕ್ಕೇ ಮೀಸಲಿಡಬೇಕು. ಕೆಂಪು ಪಂಪಿನ ಕೊಳವೆ, ನಾಝಲ್ಲು ಬೇರೆ ಪಂಪಿಗೆ ಹೋಗಕೂಡದು. ಕೆಂಪು ಪಂಪಿನಲ್ಲೂ ಹಿಂದಿನವನು ಏನು ಹೊಡೆದ ಎಂದು ವಹಿಯಲ್ಲಿ ಬರೆದಿಡಬೇಕು. ಗಿರಾಕಿ ಗದ್ದಲದಲ್ಲಿ ಕೆಂಪೆಲ್ಲ ಹೋಗಿವೆ, ಬೇರೆಯದನ್ನೇ ಕೊಡು ಎಂದರೆ ಕೊಡಬಾರದು. ನೂರಿಪ್ಪತ್ತು ರೂಪಾಯಿ ಬಾಡಿಗೆಗೆ ಒಂದು ಎಕರೆ ಹತ್ತಿಯ ಪರಿಹಾರ ಕಟ್ಟುವ ವ್ಯಾಪಾರ ಯಾರಿಗೂ ಬೇಡ. ಇನ್ನೊಂದು ಮಾತು: ಪಂಪಿನ ಜೊತೆ 'ಎರಡು ಪಂಪಿಗಾಗುವಷ್ಟು ಎಣ್ಣೆ ಸುರುವಿ ಕೊಡ್ರಿ' ಎಂದು ಕೇಳುವವರು ಬಂದೇ ಬರುತ್ತಾರೆ. ಬಾಟಲಿ ಒಡೆದು ಬಿಡಿಯಾಗಿ ಕೀಟನಾಶಕ ಮಾರುವುದು ಕಾನೂನುಬಾಹಿರ, ಲೈಸೆನ್ಸಿಗೇ ಸಂಚಕಾರ.

ಈಗ ಲೆಕ್ಕ. ದೇವಿಕೊಪ್ಪದಂಥ ಊರಿನ ಒಂದು ಅಂಗಡಿಯನ್ನು ಊಹಿಸಿಕೊಂಡು ಹಾಕಿದ ಅಂಕಿ ಇವು. ಓದುಗರು ತಮ್ಮೂರಿನ ದರ ಹಾಕಿ ತಿದ್ದಿಕೊಳ್ಳಬಹುದು. ತಲಾ 3,000ದಂತೆ ನಾಲ್ಕು ಪಂಪಿಗೆ 12,000, ಬಿಡಿಭಾಗದ ಸಂಗ್ರಹಕ್ಕೆ 5,000, ಡ್ರಮ್ಮಿಗೆ 3,000, ಒಟ್ಟು 20,000 ರೂಪಾಯಿ. ಪ್ರತಿ ಪಂಪು ಹಂಗಾಮಿನಲ್ಲಿ ಮೂವತ್ತು ದಿನ ಹೊರಗೆ ಹೋದರೆ, ದಿನಕ್ಕೆ 120ರಂತೆ 14,400. ರಿಪೇರಿ, ನಾಝಲ್ಲಿನಲ್ಲಿ ನೂರೈವತ್ತು ಗಿರಾಕಿಗಳಿಂದ ತಲಾ 40 ಉಳಿದರೆ 6,000. ಎಂಬತ್ತು ಮೊಳಕೆ ಪರೀಕ್ಷೆಯಿಂದ 2,400, ಡ್ರಮ್ಮಿನ ಬಾಡಿಗೆ 3,000. ಕೂಡಿದರೆ 25,800. ಇದರಲ್ಲಿ ಪಂಪುಗಳ ದುರಸ್ತಿಗೆ 3,000, ನಾಲ್ಕು ತಿಂಗಳು ಸಂಜೆ ಹೊತ್ತು ಬರುವ ಹುಡುಗನಿಗೆ 8,000 ಹೋದರೆ ಕೈಯಲ್ಲಿ 14,800.

ಅಂದರೆ ಹಾಕಿದ ದುಡ್ಡು ಮೊದಲ ವರ್ಷ ಪೂರ್ತಿ ಹೊರಳಿ ಬರುವುದಿಲ್ಲ, ಎರಡನೆಯ ಹಂಗಾಮಿನಲ್ಲಿ ಬರುತ್ತದೆ. ಮಳೆ ಬಿಡದೆ ಹೊಡೆದು ಪಂಪು ಹದಿನೈದೇ ದಿನ ಹೊರಗೆ ಹೋದರೆ 7,200 ಕಡಿಮೆ, ಉಳಿಯುವುದು 7,600. ಹೀಗಾದರೂ ಅಂಗಡಿ ಮುಳುಗುವುದಿಲ್ಲ, ಬೇಡವಾದರೆ ಪಂಪು ಮಾರಿದರೆ ಒಂದಷ್ಟು ದುಡ್ಡೂ ಹುಟ್ಟುತ್ತದೆ. ನಾಗರ ಪಂಚಮಿ ಹೊತ್ತಿಗೆ ವಹಿ ತೆರೆದು ನೋಡಿದರೆ ತಿಳಿಯುತ್ತದೆ. ಅಷ್ಟರಲ್ಲಿ ಒಂದೊಂದು ಪಂಪು ಹತ್ತು ದಿನವೂ ಹೋಗಿಲ್ಲದಿದ್ದರೆ ಐದನೆಯದನ್ನು ತರುವ ಮಾತೇ ಬೇಡ. ಅತ್ತ 14,800 ರೂಪಾಯಿಯನ್ನು ಯೂರಿಯಾದಲ್ಲಿ ಗಳಿಸಬೇಕಾದರೆ ಹಮಾಲಿ ಕಳೆಯುವ ಮೊದಲೇ 930 ಚೀಲ ಮಾರಬೇಕು.

ಈ ಲೆಕ್ಕ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಸೇವೆಯ ದುಡ್ಡು ನಗದು. ಉದ್ರಿ ವಹಿಯಲ್ಲಿ 'ಪಂಪಿನ ಬಾಡಿಗೆ 120' ಎಂದು ಒಮ್ಮೆ ಬರೆದರೆ ಅದು ದೀಪಾವಳಿಯ ಲೆಕ್ಕದಲ್ಲಿ 'ಇರ್ಲಿ ಬಿಡ್ರಿ ಸಾವ್ಕಾರ್ರ' ಎಂದು ಹೋಗುತ್ತದೆ. ಬೀಜಕ್ಕೆ, ಗೊಬ್ಬರಕ್ಕೆ ಉದ್ರಿ ಕೊಡದೆ ಈ ಊರುಗಳಲ್ಲಿ ವ್ಯಾಪಾರ ನಡೆಯುವುದಿಲ್ಲ, ಅದು ಗೊತ್ತಿರುವ ಮಾತು. ಅದಕ್ಕೇ ಸೇವೆಗೆ ಬೇರೆ ವಹಿ, ಬೇರೆ ಡಬ್ಬಿ ಬೇಕು.

ಮಣ್ಣು ಪರೀಕ್ಷೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಾದರಿ ತೆಗೆದು ಕೊಡುವುದು ಒಳ್ಳೆಯ ಕೆಲಸವೇ: ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋಕ್ಕೆ ಇಳಿಸಿ, ನೆರಳಲ್ಲಿ ಒಣಗಿಸಿ ಕಳಿಸುವುದು. ಆದರೆ ಪರೀಕ್ಷೆಯನ್ನು ಅಂಗಡಿಯಲ್ಲೇ ಸಣ್ಣ ಕಿಟ್ ಇಟ್ಟು ಮಾಡಿ, ಅಲ್ಲೇ ಗೊಬ್ಬರದ ಚೀಟಿ ಬರೆದು, ಅಲ್ಲೇ ಚೀಲ ಮಾರುವುದು ಸರಿಯಲ್ಲ. ಮೊಳಕೆಯನ್ನು ರೈತ ತಾನೇ ಎಣಿಸಬಹುದು, ರಂಜಕವನ್ನು ಎಣಿಸಲು ಬರುವುದಿಲ್ಲ. ಮಾದರಿ ಹೊರಗಿನ ಪ್ರಯೋಗಾಲಯಕ್ಕೇ ಹೋಗಲಿ.

ಡ್ರೋನಿನ ಆಸೆ ಇದ್ದವರಿಗೆ ಒಂದು ಮಾತು. ಹೊಡೆಯುವುದು ಬೇಗ ಮುಗಿಯುತ್ತದೆ, ಎಕರೆಗೆ ಹತ್ತು ಲೀಟರ್ ನೀರು ಸಾಕು, ಇವೆಲ್ಲ ನಿಜ. ಅದನ್ನು ಹಾರಿಸಲು ತರಬೇತಿಯ ಪ್ರಮಾಣಪತ್ರ ಇರುವವನು ಬೇಕು, ಒಂದು ತಂತಿಗೋ ತೆಂಗಿನ ಗರಿಗೋ ತಾಗಿದರೆ ರಿಪೇರಿ ಹುಬ್ಬಳ್ಳಿಯಲ್ಲೂ ಸುಲಭವಲ್ಲ, ದುಡಿಯುವ ದಿನಗಳು ವರ್ಷದಲ್ಲಿ ಕೆಲವೇ. ಈಗಾಗಲೇ ಡ್ರೋನ್ ಇರುವವರಿಗೆ ಅಂಗಡಿಯಲ್ಲೇ ಗಿರಾಕಿ ಹೆಸರು ಬರೆದುಕೊಂಡು ಕಮಿಷನ್ ಪಡೆಯುವುದು ಜಾಣತನ. ಎರಡು ಹಂಗಾಮು ಆ ವಹಿ ತುಂಬಿದರೆ ಆಮೇಲೆ ಯಂತ್ರದ ಮಾತಾಡಬಹುದು. ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಅವುಗಳ ಜೊತೆ ಪೈಪೋಟಿಗೆ ಇಳಿಯುವುದು ವ್ಯರ್ಥ.

ಕೂತು ಕಲಿಯುವ ಮನಸ್ಸಿರುವ ಮಾಲೀಕರಿಗೆ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಶುರುಮಾಡಿದ 'ದೇಸಿ' ಡಿಪ್ಲೊಮಾ ಇದೆ. ಒಂದು ವರ್ಷ, ವಾರಕ್ಕೊಂದು ದಿನದ ತರಗತಿ, ನಲವತ್ತು ಪಾಠ, ಎಂಟು ಹೊಲದ ಭೇಟಿ. ಅಂಗಡಿ ಮುಚ್ಚದೆ ಮುಗಿಸಬಹುದು. ಮೊಳಕೆ ಎಣಿಕೆಗೆ ಮಾತ್ರ ಡಿಪ್ಲೊಮಾದ ದಾರಿ ಕಾಯಬೇಕಿಲ್ಲ. ಸೋಯಾ ಬಿತ್ತನೆ ಜೂನ್ ಮೊದಲ ಮಳೆಗೆ ಶುರುವಾಗುತ್ತದೆ, ಪರೀಕ್ಷೆಗೆ ಎಂಟು ದಿನ ಬೇಕು, ಬೀಜ ಕೆಟ್ಟಿದೆ ಎಂದು ಗೊತ್ತಾದ ರೈತನಿಗೆ ಬೇರೆ ಬೀಜ ಹುಡುಕಲು ಎರಡು ವಾರವಾದರೂ ಸಿಗಬೇಕು. ಆದ್ದರಿಂದ ಗೋಣಿತಟ್ಟು ಒದ್ದೆಯಾಗಬೇಕಾದದ್ದು ಮೇ ಮೊದಲ ವಾರದಲ್ಲಿ. ಅಂಗಡಿಯ ಬಾಗಿಲಿಗೆ 'ಮನೆ ಬೀಜದ ಮೊಳಕೆ ನೋಡಿಕೊಡಲಾಗುವುದು, 30 ರೂ., ನಗದು' ಎಂಬ ಬೋರ್ಡು ಏಪ್ರಿಲ್ ಕೊನೆಗೇ ಬೀಳಲಿ.